ಸರ್ಕಾರಿ ಇಲಾಖೆ ನಮ್ಮ ಕ್ಲೈಂಟ್. ನಮ್ಮ ತಂಡದ ಸಲಿಗೆಯ ಬರವಣಿಗೆ ಅಲ್ಲಿ ನಡೀತಿಲ್ಲ. ಏನು ಮಾಡೋದು?

ಸಾವಿರಮೆಟ್ಟಿಲು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂಟು ಜನರ ಸಣ್ಣ ಸಾಫ್ಟ್‌ವೇರ್ ತಂಡ ನಮ್ಮದು. ನಮ್ಮೊಳಗೆ ಸರ್, ಮೇಡಂ ಯಾವುದೂ ಇಲ್ಲ. ಕಂಪನಿ ಶುರು ಮಾಡಿದವರನ್ನೂ ಹೆಸರು ಹಿಡಿದೇ ಕರೆಯುತ್ತೇವೆ. ಇಷ್ಟು ದಿನ ಕೆಲಸ ಕೊಟ್ಟವರೂ ನಮ್ಮಂಥವರೇ. "ಗುರು, ನಾಳೆ ಆಗುತ್ತಾ?" ಅಂತ ಅವರು ಕೇಳಿದರೆ "ನಾಳಿದ್ದು ಪಕ್ಕಾ" ಅಂತ ನಾವು ಹೇಳಿದರೆ ಮುಗಿಯಿತು.

ಈಗ ಒಂದು ಸರ್ಕಾರಿ ಇಲಾಖೆಯ ಜಿಲ್ಲಾ ಕಚೇರಿಗೆ ಅರ್ಜಿ ನಿರ್ವಹಣೆಯ ತಂತ್ರಾಂಶ ಮಾಡುತ್ತಿದ್ದೇವೆ. ಎಂಟು ತಾಲ್ಲೂಕುಗಳ ಫಲಾನುಭವಿ ಪಟ್ಟಿಯನ್ನು ಅವರು ಮೇ 31ರೊಳಗೆ ಕೊಡಬೇಕಿತ್ತು. ಐದು ಬಂದಿದೆ, ಮೂರು ಬಂದಿಲ್ಲ. ನಾವು ಜೂನ್ 30ಕ್ಕೆ ಕೆಲಸ ಮುಗಿಸಿ ಕೊಡಬೇಕು. ನಮ್ಮ ಟೆಸ್ಟಿಂಗ್ ಹುಡುಗ ಜೂನ್ 5ಕ್ಕೆ ಹೀಗೆ ಮೇಲ್ ಹಾಕಿದ:

"ಹಾಯ್ ಸರ್, 3 ತಾಲ್ಲೂಕಿನ ಡೇಟಾ ಇನ್ನೂ ಬಂದಿಲ್ಲ. ಬೇಗ ಕಳಿಸಿದ್ರೆ ಟೆಸ್ಟಿಂಗ್ ಮುಗಿಸ್ತೀವಿ. ಇಲ್ಲಾಂದ್ರೆ 30ಕ್ಕೆ ಕಷ್ಟ ಆಗ್ಬಹುದು." ಕೊನೆಗೆ ಒಂದು ಸ್ಮೈಲಿ.

ಒಂದು ವಾರ ಉತ್ತರವೇ ಇಲ್ಲ. ಫೋನ್ ಮಾಡಿದಾಗ ಅಲ್ಲಿನ ಸೂಪರಿಂಟೆಂಡೆಂಟ್ ಬೇಸರವಿಲ್ಲದೆ, ಸಮಾಧಾನವಾಗಿಯೇ ಕೇಳಿದರು: "ಇದನ್ನ ಕಡತದಲ್ಲಿ ಹೇಗೆ ಹಾಕೋದಮ್ಮ?"

ನನಗೆ ಉತ್ತರ ಹೊಳೆಯಲಿಲ್ಲ. ನಾವು ಬರೆದದ್ದರಲ್ಲಿ ಸುಳ್ಳಿಲ್ಲ, ಒರಟುತನವೂ ಇಲ್ಲ. ಭಾಷೆಯನ್ನು ಭಾರ ಮಾಡಿದರೆ ಸಾಕಾ? ಇನ್ನೇನಾದರೂ ಇದೆಯಾ? ತಂಡದ ಹುಡುಗರೆಲ್ಲ ಇದಕ್ಕಾಗಿ ಬಿಗಿಯಾಗಿ ಮಾತಾಡಲು ಕಲಿಯುವುದೂ ನನಗಿಷ್ಟವಿಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಮೊದಲ ಆ ಸ್ಮೈಲಿ ತಗೀರಿ. ಉಳಿದದ್ದು ಆಮೇಲೆ ನೋಡೋಣ.

ಪದಪ್ರಿಯ

ಸರ್ಕಾರಿ ಕಚೇರಿಗೆ ಬರೆಯುವಾಗ ಗೌರವ ಎದ್ದು ಕಾಣಬೇಕು. ಇಂಗ್ಲಿಷ್ ಪದ ಒಂದೂ ಬೇಡ. ಹೀಗೆ ಶುರು ಮಾಡಿ: "ಘನವೆತ್ತ ಮಹೋದಯರ ದಿವ್ಯ ಸನ್ನಿಧಾನಕ್ಕೆ ವಿನಮ್ರಪೂರ್ವಕವಾಗಿ ವಿಜ್ಞಾಪಿಸಿಕೊಳ್ಳುವುದೇನೆಂದರೆ..." ಡೇಟಾ ಅನ್ನಬೇಡಿ, ದತ್ತಾಂಶ ಅನ್ನಿ. ಟೆಸ್ಟಿಂಗ್ ಅನ್ನಬೇಡಿ, ಪರೀಕ್ಷಣೆ ಅನ್ನಿ. ಎಷ್ಟು ವಿನಯ ಇರುತ್ತದೋ ಅಷ್ಟು ಬೇಗ ಕೆಲಸ ಆಗುತ್ತದೆ.

ಟಪಾಲು_ಮೇಜು

ಪದಪ್ರಿಯ ಅವರೇ, ದತ್ತಾಂಶದ ಮಾತು ಸರಿ, ಆ ಪದ ಕಚೇರಿಯಲ್ಲಿ ಓಡುತ್ತದೆ. ಆದರೆ ದಿವ್ಯ ಸನ್ನಿಧಾನ ಬೇಡ. ಹಾಗೆ ಬರೆದ ಪತ್ರದಲ್ಲಿ ವಿಷಯ ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ. ನಾನು ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ, ಕಚೇರಿ ಅಧೀಕ್ಷಕನಾಗಿ ನಿವೃತ್ತನಾದವನು. ನನ್ನ ಮೇಜಿಗೆ ಬಂದ ಪತ್ರಗಳು ಎಲ್ಲಿ ಸಿಕ್ಕಿಕೊಳ್ಳುತ್ತಿದ್ದವು ಎಂದು ಹೇಳಬಲ್ಲೆ.

ನೋಡಮ್ಮ, ನಿಮ್ಮ ಪತ್ರ ಯಾರಿಗೆ ಹೋಗುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ನೀವು ಸಾಹೇಬರಿಗೆ ಬರೆದಿದ್ದೀರಿ. ಆದರೆ ಅದು ಟಪಾಲಿನಲ್ಲಿ ನೋಂದಣಿಯಾಗಿ, ಸಾಹೇಬರು ನೋಡಿ ಕಿರುಸಹಿ ಹಾಕಿದ ಮೇಲೆ ವಿಷಯ ನಿರ್ವಾಹಕರಿಗೆ ಇಳಿಯುತ್ತದೆ. ನೀವೆಲ್ಲ ಕೇಸ್ ವರ್ಕರ್ ಅನ್ನುತ್ತೀರಲ್ಲ, ಅವರೇ. ಅವರು ಅದನ್ನು ಕಡತಕ್ಕೆ ಸೇರಿಸಿ ಒಂದು ಟಿಪ್ಪಣಿ ಬರೆಯುತ್ತಾರೆ: ಇಂಥವರಿಂದ ಪತ್ರ ಬಂದಿದೆ, ಹೀಗೆ ಕೇಳಿದ್ದಾರೆ, ಕಾರ್ಯಾದೇಶದಲ್ಲಿ ಹೀಗಿದೆ, ಹೀಗೆ ಮಾಡಬಹುದು, ಆದೇಶಕ್ಕಾಗಿ ಮಂಡಿಸಿದೆ. ಆ ಟಿಪ್ಪಣಿ ಅಧೀಕ್ಷಕರ ಮೂಲಕ ಮತ್ತೆ ಮೇಲೇರುತ್ತದೆ. ಈಗ ಇ-ಆಫೀಸ್ ಬಂದಿದೆ, ಕಾಗದದ ಬದಲು ಪರದೆ. ಹತ್ತುವ ಇಳಿಯುವ ದಾರಿ ಅದೇ.

ಈ ದಾರಿಯಲ್ಲಿ ಓದುವವರಲ್ಲಿ ಅರ್ಧ ಜನ ನಿಮ್ಮನ್ನು ಕಂಡೇ ಇಲ್ಲ. ಎರಡು ವರ್ಷದ ಮೇಲೆ ಆಡಿಟ್‌ನವರು ಬಂದು "ಈ ಕೆಲಸಕ್ಕೆ ಅವಧಿ ಯಾಕೆ ವಿಸ್ತರಿಸಿದಿರಿ?" ಎಂದು ಕೇಳಿದಾಗ ಅವರೂ ಅದೇ ಹಾಳೆಯನ್ನು ಓದುತ್ತಾರೆ. ಅಷ್ಟರಲ್ಲಿ ಸಾಹೇಬರು ವರ್ಗ ಆಗಿರುತ್ತಾರೆ, ಕೇಸ್ ವರ್ಕರೂ ಬದಲಾಗಿರುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಯಾರಾದರೂ ಅರ್ಜಿ ಹಾಕಿದರೆ ಅವರ ಕೈಗೂ ಇದೇ ಹೋಗಬಹುದು.

ಈಗ ನಿಮ್ಮ ಹುಡುಗನ ಮೇಲ್ ಮತ್ತೊಮ್ಮೆ ಓದಿ. ಯಾವ 3 ತಾಲ್ಲೂಕು? ಯಾವ ಡೇಟಾ? ಯಾವ ಕಾರ್ಯಾದೇಶ? ಯಾವ ತಿಂಗಳ 30? "ಕಷ್ಟ ಆಗ್ಬಹುದು" ಅಂದರೆ ಮಾಡುತ್ತೀರೋ ಇಲ್ಲವೋ? ಕೇಸ್ ವರ್ಕರ್ ಟಿಪ್ಪಣಿ ಬರೆಯಲು ಕೂತರೆ ಅವರಿಗೆ ಒಂದು ಸಾಲೂ ಸಿಗುವುದಿಲ್ಲ. ಸೂಪರಿಂಟೆಂಡೆಂಟ್ ಕೇಳಿದ್ದು ಅದನ್ನೇ. ನಿಮ್ಮ ಹಾಯ್ ಬಗ್ಗೆ ಅವರಿಗೆ ದೊಡ್ಡ ಬೇಸರ ಇರಲಿಕ್ಕಿಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಹಂಗಾದ್ರ ಸ್ಮೈಲಿ ಇರಬಹುದೇನ್ರಿ ಸರ?

ಟಪಾಲು_ಮೇಜು

ಬೇಡಪ್ಪ. ಆಡಿಟ್‌ನವರ ಮುಂದೆ ಅದನ್ನು ಪ್ರಿಂಟ್ ತೆಗೆದು ಇಡಬೇಕಾಗುತ್ತದೆ.

ಐಟಿ_ಅಂಕಲ್_ರಾಜಾಜಿನಗರ

ನಾನು ಇದನ್ನು ಹಲವು ವರ್ಷದಿಂದ ಹೇಳುತ್ತಿದ್ದೇನೆ. ತಂಡದಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದೇ ಸರಿಯಲ್ಲ. ನಮ್ಮ ಕಾಲದಲ್ಲಿ ಮ್ಯಾನೇಜರ್ ಬಂದರೆ ಎದ್ದು ನಿಲ್ಲುತ್ತಿದ್ದೆವು. ನಿಮ್ಮ ಆಫೀಸಿನಲ್ಲಿ ಮೊದಲು ಎಲ್ಲರಿಗೂ ಸರ್, ಮೇಡಂ ಅಂತ ರೂಲ್ ಮಾಡಿ. ಶಿಸ್ತು ತಾನಾಗಿ ಬರುತ್ತದೆ.

ಸಾವಿರಮೆಟ್ಟಿಲು

ಅಂಕಲ್, ನಾನು ಕೇಳಿದ್ದು ಅದಲ್ಲ. ತಂಡದೊಳಗಿನ ಸಲಿಗೆ ನಮಗೆ ಬೇಕು. ಹೊಸದಾಗಿ ಸೇರಿದ ಹುಡುಗಿ "ಇದು ತಪ್ಪಿದೆ" ಅಂತ ಕಂಪನಿ ಮಾಲೀಕರಿಗೆ ನೇರವಾಗಿ ಹೇಳುವುದು ಅದರಿಂದಲೇ ಸಾಧ್ಯ. ಹೊರಗೆ ಹೋಗುವ ಬರವಣಿಗೆಯನ್ನು ಮಾತ್ರ ಸರಿಮಾಡಬೇಕು.

ಟಪಾಲು ಸರ್, ತುಂಬಾ ಥ್ಯಾಂಕ್ಸ್. ನೀವು ಹೇಳಿದ ಮೇಲೆ ಕೂತು ಹೀಗೆ ಬರೆದಿದ್ದೇನೆ. ಸರಿಯಿದೆಯಾ ನೋಡಿ:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ತಾಲ್ಲೂಕು ಕಚೇರಿಗಳ ವಿಳಂಬದಿಂದಾಗಿ ದತ್ತಾಂಶ ಲಭ್ಯವಾಗದೆ ನಮ್ಮ ಸಂಸ್ಥೆಗೆ ತೀವ್ರ ತೊಂದರೆಯಾಗಿರುತ್ತದೆ. ಆದ್ದರಿಂದ ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರಿದೆ."

ಟಪಾಲು_ಮೇಜು

ಧಾಟಿ ಬಂದಿದೆ. ಆದರೆ ಈ ಪತ್ರವೂ ನಿಲ್ಲುತ್ತದೆ. ಯಾಕೆ ಅಂತ ಹೇಳುತ್ತೇನೆ.

"ತಮ್ಮ ಕಚೇರಿಗಳ ವಿಳಂಬದಿಂದಾಗಿ" ಎಂದು ಬರೆದಿರಿ. ಇದನ್ನು ಟಿಪ್ಪಣಿಗೆ ಎತ್ತಿಕೊಂಡರೆ ಕೇಸ್ ವರ್ಕರ್ ತನ್ನ ಕಚೇರಿಯ ತಪ್ಪನ್ನು ತಾನೇ ಕಡತದಲ್ಲಿ ಒಪ್ಪಿಕೊಂಡಂತೆ. ಯಾರೂ ಹಾಗೆ ಬರೆಯುವುದಿಲ್ಲ. ಅವರು ಕಡತವನ್ನು ಪಕ್ಕಕ್ಕಿಟ್ಟು, ತಾಲ್ಲೂಕಿನಿಂದ ಪಟ್ಟಿ ಬರಲಿ, ಆಮೇಲೆ ಮಂಡಿಸೋಣ ಎಂದು ಕಾಯುತ್ತಾರೆ. ನಿಮ್ಮ ಜೂನ್ 30 ಅಲ್ಲೇ ಕಳೆದುಹೋಗುತ್ತದೆ. ತಪ್ಪು ಯಾರದ್ದು ಎಂದು ನೀವು ಹೇಳಬೇಕಾಗಿಲ್ಲ. ಯಾವ ತಾರೀಖಿಗೆ ಬರಬೇಕಿತ್ತು, ಯಾವ ತಾರೀಖಿನವರೆಗೆ ಏನು ಬಂದಿದೆ, ಇಷ್ಟನ್ನು ಅಕ್ಕಪಕ್ಕ ಇಡಿ. ಓದಿದವರಿಗೆ ಗೊತ್ತಾಗುತ್ತದೆ, ಮುಂದೆ ದಂಡದ ಮಾತು ಬಂದರೆ ನಿಮಗೂ ಅದು ಆಧಾರ.

ಇನ್ನು "ಸೂಕ್ತ ಕ್ರಮ". ಯಾವ ಕ್ರಮ? ನಿಮಗೆ ಏನು ಬೇಕು ಎಂದು ನೀವೇ ಹೇಳದಿದ್ದರೆ ಅವರು ಯಾವುದಕ್ಕೆ ಆದೇಶ ಕೇಳಬೇಕು? ಕೋರಿಕೆಯ ಸಾಲು ಎಷ್ಟು ನಿಖರವಾಗಿರಬೇಕೆಂದರೆ, ಸಾಹೇಬರು ಅದರ ಪಕ್ಕ "ಒಪ್ಪಿದೆ" ಎಂದು ಬರೆದರೆ ಕೆಲಸ ನಡೆಯಬೇಕು.

ನಿಮ್ಮ ಪತ್ರವನ್ನು ನಾನು ಬರೆದರೆ ಹೀಗೆ:

ಇವರಿಗೆ,
ಉಪ ನಿರ್ದೇಶಕರು,
(ಇಲಾಖೆ ಮತ್ತು ಜಿಲ್ಲೆ)

ಮಾನ್ಯರೇ,

ವಿಷಯ: ಅರ್ಜಿ ನಿರ್ವಹಣಾ ತಂತ್ರಾಂಶಕ್ಕೆ 3 ತಾಲ್ಲೂಕುಗಳ ಫಲಾನುಭವಿ ಪಟ್ಟಿ ಒದಗಿಸುವ ಹಾಗೂ ಕಾಲಾವಧಿ ವಿಸ್ತರಿಸುವ ಬಗ್ಗೆ.

ಉಲ್ಲೇಖ: 1. ತಮ್ಮ ಕಚೇರಿಯ ಕಾರ್ಯಾದೇಶ ಸಂಖ್ಯೆ ......, ದಿನಾಂಕ ......
2. ನಮ್ಮ ಇ-ಮೇಲ್, ದಿನಾಂಕ ಜೂನ್ 5.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ 1ರ ಕಾರ್ಯಾದೇಶದ ...ನೇ ಷರತ್ತಿನಂತೆ 8 ತಾಲ್ಲೂಕುಗಳ ಫಲಾನುಭವಿ ಪಟ್ಟಿಯನ್ನು ಮೇ 31ರೊಳಗೆ ಒದಗಿಸಬೇಕಾಗಿರುತ್ತದೆ. ಜೂನ್ 12ರವರೆಗೆ 5 ತಾಲ್ಲೂಕುಗಳ ಪಟ್ಟಿ ಸ್ವೀಕೃತವಾಗಿದ್ದು, ಬಾಕಿ ಇರುವ 3 ತಾಲ್ಲೂಕುಗಳ ವಿವರವನ್ನು ಅನುಬಂಧದಲ್ಲಿ ನೀಡಲಾಗಿದೆ.

ಎಲ್ಲಾ ಪಟ್ಟಿಗಳು ಸ್ವೀಕೃತವಾದ ನಂತರ ತಂತ್ರಾಂಶದ ಪರೀಕ್ಷೆಗೆ 15 ಕೆಲಸದ ದಿನಗಳು ಬೇಕಾಗುತ್ತವೆ.

ಆದ್ದರಿಂದ, ಬಾಕಿ 3 ತಾಲ್ಲೂಕುಗಳ ಪಟ್ಟಿಯನ್ನು ಒದಗಿಸಲು ಸಂಬಂಧಿಸಿದ ಕಚೇರಿಗಳಿಗೆ ಸೂಚಿಸುವಂತೆ ಹಾಗೂ ಕೊನೆಯ ಪಟ್ಟಿ ಸ್ವೀಕೃತವಾದ ದಿನದಿಂದ 15 ಕೆಲಸದ ದಿನಗಳವರೆಗೆ ಕಾಲಾವಧಿಯನ್ನು ದಂಡರಹಿತವಾಗಿ ವಿಸ್ತರಿಸುವಂತೆ ಕೋರಿದೆ.

ತಮ್ಮ ವಿಶ್ವಾಸಿ

ಅಡಕ: ಅನುಬಂಧ, 1 ಪುಟ

ಇದರಲ್ಲಿ ಒಂದು ಕಡೆಯೂ ಹೊಗಳಿಕೆ ಇಲ್ಲ, ದೂರೂ ಇಲ್ಲ. ನಡುವಿನ ಎರಡು ಪ್ಯಾರಾ ಹಾಗೆಯೇ ಟಿಪ್ಪಣಿಗೆ ಎತ್ತಿ ಹಾಕಬಹುದು. ನಾನು ಸರ್ವಿಸಿನಲ್ಲಿದ್ದಾಗ ಇಂಥ ಪತ್ರ ಬಂದರೆ ಬೇಗ ಮುಗಿಯುತ್ತೆ ಅಂತ ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತಿದ್ದೆ.

ಜಲ್ಲಿ_ಸಿಮೆಂಟ್

ಟಪಾಲು ಸಾರ್, ನಾನು ಕಂಟ್ರಾಕ್ಟರ್. ಕಟ್ಟಡ, ರಸ್ತೆ, ಚರಂಡಿ ಎಲ್ಲಾ ಮಾಡಿದ್ದೀನಿ. ನೀವು ಮೇಜಿನ ಆ ಕಡೆಯಿಂದ ಹೇಳ್ತಿದ್ದೀರಿ, ಈ ಕಡೆಯಿಂದ ನಾನು ಒಂದು ಸೇರಿಸ್ತೀನಿ. ಪತ್ರ ಚೆನ್ನಾಗಿದೆ, ಆದರೆ ಎರಡು ಕೋರಿಕೆ ಒಂದೇ ಪತ್ರದಲ್ಲಿ ಹಾಕಬಾರದು.

ಪಟ್ಟಿ ಕೊಡಿ ಅಂತ ತಾಲ್ಲೂಕಿಗೆ ಬರೆಯೋದು ದಿನನಿತ್ಯದ ಕೆಲಸ. ಕೆಳಗಿನ ಹಂತದಲ್ಲೇ ಹೊರಟುಹೋಗುತ್ತೆ. ಅವಧಿ ವಿಸ್ತರಣೆ ಹಾಗಲ್ಲ. ಅದಕ್ಕೆ ಕರಾರು ನೋಡಬೇಕು, ದಂಡದ ಷರತ್ತು ನೋಡಬೇಕು, ಕೆಲವೊಮ್ಮೆ ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಎರಡನ್ನೂ ಒಂದರಲ್ಲಿ ಕಟ್ಟಿದರೆ ವಿಸ್ತರಣೆ ತೀರ್ಮಾನ ಆಗೋವರೆಗೆ ಪಟ್ಟಿಯ ಪತ್ರವೂ ಹೊರಡಲ್ಲ. ನನ್ನ ಒಂದು ಕೆಲಸದಲ್ಲಿ ಹೀಗೇ ಆಗಿತ್ತು. ಜಾಗ ಬಿಡಿಸಿಕೊಡಿ, ಟೈಮೂ ಕೊಡಿ ಅಂತ ಒಟ್ಟಿಗೆ ಕೇಳಿದ್ದೆವು. ಟೈಮಿನ ವಿಚಾರ ಮೇಲೆ ಹೋಯ್ತು, ಜಾಗದ ವಿಚಾರ ಅದರ ಜೊತೆಗೇ ಹೋಯ್ತು. ಮಳೆಗಾಲ ಶುರುವಾದ ಮೇಲೆ ಎರಡೂ ವಾಪಸ್ ಬಂತು.

ಇನ್ನೊಂದು ಮಾತು. ವಿಸ್ತರಣೆ ಕೇಳೋ ಪತ್ರ 30ನೇ ತಾರೀಖಿಗೆ ಮುಂಚೆ ಟಪಾಲಿನಲ್ಲಿ ಬಿದ್ದಿರಬೇಕು. ಅವಧಿ ಮುಗಿದ ಮೇಲೆ ಕೊಟ್ಟರೆ ಎಷ್ಟೇ ಚೆಂದ ಬರೆದರೂ ಅದರ ಬಲ ಕಡಿಮೆ. ಎರಡು ಪ್ರತಿ ತಗೊಂಡು ಹೋಗಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಟಪಾಲು_ಮೇಜು

ಜಲ್ಲಿಯವರು ಹೇಳಿದ್ದು ಸರಿ. ಎರಡು ಪತ್ರ ಮಾಡಿ. ಎರಡನೆಯದರ ಉಲ್ಲೇಖದಲ್ಲಿ ಮೊದಲನೆಯದನ್ನು ತೋರಿಸಿ, ಆಗ ಕೊಂಡಿ ತಪ್ಪುವುದಿಲ್ಲ.

ಮಲೆನಾಡ_ಅಡಿಕೆ

ಒಂದು ಪ್ರಶ್ನೆ. "ತಮ್ಮ ವಿಶ್ವಾಸಿ" ಅಂತ ಬರೆದಿದ್ದೀರಿ. ನಮ್ಮ ಊರಿನಲ್ಲಿ ಎಲ್ಲರೂ "ತಮ್ಮ ವಿಧೇಯ" ಅಂತಲೇ ಬರೆಯುತ್ತಾರೆ. ಯಾವುದು ಸರಿ?

ಟಪಾಲು_ಮೇಜು

ರಜೆ ಅರ್ಜಿ ಕೊಡುವ ನೌಕರ ವಿಧೇಯ ಎಂದು ಬರೆಯುವುದು ವಾಡಿಕೆ. ಇವರು ಕರಾರು ಮಾಡಿಕೊಂಡು ಕೆಲಸ ಮಾಡುವ ಸಂಸ್ಥೆ. ವಿಶ್ವಾಸಿ ಸಾಕು.

ಜಲ್ಲಿ_ಸಿಮೆಂಟ್

ನಾನು ವಿಧೇಯ ಅಂತಲೇ ಹಾಕ್ತೀನಿ ಸಾರ್. ನಷ್ಟ ಏನಿದೆ?

ಕೆಂಪು_ಪೆನ್ನು

ನಷ್ಟ ಇದೆ. ಜನರ ತೆರಿಗೆಯಲ್ಲಿ ನಡೆಯುವ ಕಚೇರಿಗೆ ನಾವ್ಯಾಕೆ ವಿಧೇಯರಾಗಬೇಕು? ಈ ಮಾನ್ಯರೇ, ತಾವು, ತಮ್ಮ ಅವಗಾಹನೆ, ಇವೆಲ್ಲ ದೊರೆಗಳ ಕಾಲದ ಭಾಷೆ. ಸರಳ ಕನ್ನಡದಲ್ಲಿ "ಮೂರು ತಾಲ್ಲೂಕಿನ ಪಟ್ಟಿ ಬಂದಿಲ್ಲ, ದಯವಿಟ್ಟು ಕಳಿಸಿ" ಅಂದರೆ ಅರ್ಥ ಆಗುವುದಿಲ್ಲವೇ? ಬದಲಾಗಬೇಕಾದವರು ಅವರು. ಸಾಮಾನ್ಯ ರೈತ ಈ ಭಾಷೆಗೆ ಹೆದರಿ ಬರಹಗಾರನಿಗೆ ದುಡ್ಡು ಕೊಟ್ಟು ಅರ್ಜಿ ಬರೆಸುತ್ತಾನೆ.

ಟಪಾಲು_ಮೇಜು

ರೈತನ ವಿಚಾರದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಬಿಳಿ ಹಾಳೆಯಲ್ಲಿ ತನಗೆ ಬಂದಂತೆ ಬರೆದುಕೊಟ್ಟ ಅರ್ಜಿಯನ್ನು ಭಾಷೆ ಸರಿಯಿಲ್ಲ ಎಂದು ಯಾರೂ ತಿರುಗಿಸಬಾರದು. ಆದರೆ ದುಡ್ಡು ಪಡೆದು ಕೆಲಸ ಮಾಡುವ ಸಂಸ್ಥೆಯ ವಿಷಯ ಬೇರೆ. ನೀವು ಹೇಳಿದ ಆ ಸರಳ ಸಾಲಿನಲ್ಲಿ ಭಾಷೆ ತೊಡಕಲ್ಲ. ಅದರಲ್ಲಿ ಉಲ್ಲೇಖ ಇಲ್ಲ, ತಾರೀಖು ಇಲ್ಲ. ಅವೆರಡನ್ನು ಸೇರಿಸಿ, "ಸ್ವೀಕೃತವಾಗಿದ್ದು" ಬದಲು "ಬಂದಿದ್ದು" ಎಂದು ಬರೆದರೂ ನಡೆಯುತ್ತದೆ.

ಕೆಂಪು_ಪೆನ್ನು

ಹಾಗಿದ್ದರೆ ಹಾಗೆಯೇ ಬರೆಯಲು ಹೇಳಿ. ನೀವೇ ಸ್ವೀಕೃತ ಅಂತ ಬರೆದು ತೋರಿಸಿದರೆ ಮುಂದಿನವರೂ ಅದನ್ನೇ ನಕಲು ಮಾಡುತ್ತಾರೆ. ನಾನು ಈ ವಿಷಯದಲ್ಲಿ ಒಪ್ಪುವುದಿಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ

ನಮ್ಮ ಕಡೆಯ ವಿಷಯ ಹೇಳುತ್ತೇನೆ, ಸ್ವಲ್ಪ ಬೇರೆ. ಜರ್ಮನಿಯಲ್ಲಿ ಒಂದು ಹಳೆಯ ಕಾರ್ಖಾನೆ ನಮ್ಮ ಕ್ಲೈಂಟ್. ಬೆಂಗಳೂರಿನ ನಮ್ಮ ಹುಡುಗರು ಅಲ್ಲಿನವರನ್ನು ಮೊದಲ ಮೇಲ್‌ನಲ್ಲೇ ಹೆಸರು ಹಿಡಿದು ಬರೆದರು. ಇಲ್ಲಿ ಅಂಥ ಕಂಪನಿಗಳಲ್ಲಿ ಹೆರ್ ಅಥವಾ ಫ್ರಾವ್ ಸೇರಿಸಿ ಮನೆತನದ ಹೆಸರನ್ನೇ ಬರೆಯಬೇಕು. ಡಾಕ್ಟರೇಟ್ ಮಾಡಿದವರಿದ್ದರೆ ಪತ್ರದಲ್ಲಿ ಅದನ್ನೂ ಬಿಡುವಂತಿಲ್ಲ. ನೀವು ಅನ್ನಲು ಜೀ, ನೀನು ಅನ್ನಲು ದೂ. ನೀನು ಅನ್ನೋಣ ಎಂದು ಪ್ರಸ್ತಾಪ ಮಾಡುವವರು ಹಿರಿಯರು ಅಥವಾ ಕ್ಲೈಂಟ್ ಕಡೆಯವರು. ನಾವಾಗಿ ಶುರು ಮಾಡುವ ಹಾಗಿಲ್ಲ.

ಆದರೆ ನಮಗೆ ನಿಜವಾಗಿ ಏಟು ಬಿದ್ದದ್ದು ಮೇಲ್‌ನಲ್ಲಲ್ಲ. ಕೆಲಸದ ಟಿಕೆಟ್‌ಗಳಿಗೆ ನಾವು ಮತ್ತು ಕ್ಲೈಂಟ್ ಒಂದೇ ಜಾಗ ಬಳಸುತ್ತಿದ್ದೆವು. ಅಲ್ಲಿ ಒಬ್ಬ ಹುಡುಗ ತನ್ನ ಗೆಳೆಯನಿಗೆ ಅಂದುಕೊಂಡು "ಇವರ ಹಳೇ ಕೋಡ್ ನೋಡಿದರೆ ತಲೆ ಕೆಡುತ್ತೆ, ಸುಮ್ನೆ ತೇಪೆ ಹಾಕಿದ್ದೀನಿ" ಅಂತ ಇಂಗ್ಲಿಷ್‌ನಲ್ಲಿ ಕಾಮೆಂಟ್ ಹಾಕಿದ. ಒಳಗಿನವರಿಗೆ ಮಾತ್ರ ಕಾಣುವ ಆಯ್ಕೆ ಒತ್ತಿರಲಿಲ್ಲ. ಮರುದಿನ ಅಲ್ಲಿಂದ ತುಂಬಾ ಮರ್ಯಾದೆಯ ಭಾಷೆಯಲ್ಲಿ ಮೇಲ್ ಬಂತು, ತೇಪೆ ಅಂದರೆ ಏನು, ಅದು ಯಾವಾಗ ಸರಿಯಾಗುತ್ತದೆ, ಬರವಣಿಗೆಯಲ್ಲಿ ತಿಳಿಸಿ ಅಂತ. ಆಮೇಲೆ ಎರಡು ಜಾಗ ಬೇರೆ ಮಾಡಿದೆವು. ನಿಮ್ಮ ಇಲಾಖೆಯವರಿಗೆ ನಿಮ್ಮ ಟಿಕೆಟ್ ಕಾಣುತ್ತಾ, ಒಮ್ಮೆ ನೋಡಿಕೊಳ್ಳಿ.

ಸಾವಿರಮೆಟ್ಟಿಲು

ಕಾಣುತ್ತದೆ! ಇಲಾಖೆಯ ತಾಂತ್ರಿಕ ಸಹಾಯಕರಿಗೆ ಲಾಗಿನ್ ಕೊಟ್ಟಿದ್ದೇವೆ. ಈಗಲೇ ಹೋಗಿ ನೋಡುತ್ತೇನೆ. ಒಳ್ಳೆಯ ಮಾತು ಹೇಳಿದಿರಿ.

ಕಾಪಿ_ಲೋಟ

ನಾವು ಇದಕ್ಕೆ ಕಂಡುಕೊಂಡ ದಾರಿ: ಬರೆಯಲು ಒಬ್ಬರನ್ನೇ ಇಟ್ಟಿದ್ದೇವೆ. ಎಲ್ಲರೂ ತಮ್ಮ ಭಾಷೆಯಲ್ಲಿ ವಿಷಯ ಹೇಳುತ್ತಾರೆ, ಅವರು ಪತ್ರ ಮಾಡುತ್ತಾರೆ. ತಂಡ ಹೇಗಿದೆಯೋ ಹಾಗೇ ಇರುತ್ತದೆ. ಸಮಸ್ಯೆ ಖತಂ.

ಬಗ್_ಬೇಟೆ

ಖತಂ ಆಗಲ್ಲ. ನಮ್ಮಲ್ಲೂ ಹಾಗೇ ಇತ್ತು, ಅದರಿಂದ ಆದದ್ದನ್ನು ಹೇಳುತ್ತೇನೆ.

ನಾನು ಒಳಗಿನ ಗ್ರೂಪಿನಲ್ಲಿ ಬರೆದದ್ದು: "ವರದಿ ಪುಟ ಶುಕ್ರವಾರ ಆಗಬಹುದು, ಸರ್ವರ್ ಕೊಟ್ಟರೆ." ಪತ್ರ ಬರೆಯುವವರು ಅದನ್ನು ಚೆಂದ ಮಾಡಿದರು: "ವರದಿ ಪುಟವನ್ನು ಶುಕ್ರವಾರದೊಳಗೆ ಸಲ್ಲಿಸಲಾಗುವುದು." ನನ್ನ ಸಾಲಿನಲ್ಲಿ ಒಂದು ಅನುಮಾನ ಇತ್ತು, ಒಂದು ಷರತ್ತು ಇತ್ತು. ಪತ್ರದಲ್ಲಿ ಎರಡೂ ಇಲ್ಲ. ಕ್ಲೈಂಟ್ ಅದನ್ನು ಮಾತು ಕೊಟ್ಟಂತೆ ಹಿಡಿದುಕೊಂಡರು. ಸರ್ವರ್ ಅವರೇ ಕೊಟ್ಟಿರಲಿಲ್ಲ. ಆದರೂ ಶುಕ್ರವಾರ ತಪ್ಪಿದ್ದು ನಾವು ಅಂತಾಯಿತು, ಯಾಕೆಂದರೆ ಕಾಗದದಲ್ಲಿ ಇದ್ದದ್ದು ಅಷ್ಟೇ.

ಬಿಗಿ ಭಾಷೆಗೆ ಹೋಗುವಾಗ "ಬಹುಶಃ", "ಆದರೆ", "ಕೊಟ್ಟರೆ" ಇವೇ ಮೊದಲು ಬಿದ್ದುಹೋಗುತ್ತವೆ. ಓದಲು ಅಂದವಾಗಿ ಕಾಣಲ್ಲ ಅಂತ ತೆಗೆಯುತ್ತಾರೆ. ಈಗ ನಮ್ಮಲ್ಲಿ ಪತ್ರ ಹೋಗುವ ಮುಂಚೆ ಕೆಲಸ ಮಾಡಿದವರು ಒಮ್ಮೆ ಓದಲೇಬೇಕು. ಭಾಷೆ ತಿದ್ದಲಿಕ್ಕಲ್ಲ. ತಾರೀಖು ಮತ್ತು ಷರತ್ತು ಉಳಿದಿದೆಯಾ ಅಂತ ನೋಡಲಿಕ್ಕೆ. ಅದೇ ಸಾಲು ಈಗ ಹೀಗೆ ಹೋಗುತ್ತದೆ: "ಸರ್ವರ್ ಸೌಲಭ್ಯ ಬುಧವಾರದೊಳಗೆ ಲಭ್ಯವಾದಲ್ಲಿ, ವರದಿ ಪುಟವನ್ನು ಶುಕ್ರವಾರ ಸಲ್ಲಿಸಲು ಉದ್ದೇಶಿಸಲಾಗಿದೆ."

ಕಾಪಿ_ಲೋಟ

ಹ್ಞೂಂ, ಅದು ಹೌದು. ನಮ್ಮ ಪತ್ರ ಬರೆಯುವವರು ಮೊದಲು ಟೆಸ್ಟಿಂಗ್‌ನಲ್ಲೇ ಇದ್ದವರು, ಅದಕ್ಕೆ ನಮಗೆ ಇದು ಗೊತ್ತಾಗಿಲ್ಲ ಅನ್ಸುತ್ತೆ.

ಟಪಾಲು_ಮೇಜು

ಬಗ್ ಬೇಟೆಯವರ ಮಾತಿಗೆ ಒಂದು ಸೇರಿಸುತ್ತೇನೆ. "ಸಲ್ಲಿಸಲಾಗುವುದು", "ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದಾಗ ಯಾರು ಎಂಬುದು ಮರೆಯಾಗುತ್ತದೆ. ಕಚೇರಿಯೊಳಗೆ ಅದು ನಡೆಯುತ್ತದೆ. ಇಬ್ಬರ ನಡುವಿನ ಕರಾರಿನಲ್ಲಿ ಯಾರು ಏನು ಮಾಡಬೇಕು ಎಂಬುದೇ ಮುಖ್ಯ. "ಸರ್ವರ್ ಒದಗಿಸಬೇಕಾಗಿದೆ" ಎಂದು ಬಿಡಬೇಡಿ. "ತಮ್ಮ ಕಚೇರಿಯಿಂದ ಸರ್ವರ್ ಒದಗಿಸಿದಲ್ಲಿ, ನಮ್ಮ ಸಂಸ್ಥೆಯು..." ಎಂದು ಎರಡೂ ಕಡೆಯನ್ನು ಹೆಸರಿಸಿ.

ಕುಡ್ಲ_ಕಡಲು

ಫೋನಿನಲ್ಲಿ, ವಾಟ್ಸಾಪಿನಲ್ಲಿ ಹೇಗೆ ಮಾರಾಯ್ರೆ? ನಮ್ಮ ಕಡೆಯವರು ಮಾತಾಡುವುದೇ ಪುಸ್ತಕದ ಹಾಗೆ ಅಂತ ಬೆಂಗಳೂರಿನವರು ಹೇಳುವುದು. ಹಾಗಾಗಿ ನನಗೆ ಪತ್ರಕ್ಕಿಂತ ಗ್ರೂಪಿನದ್ದೇ ಚಿಂತೆ. ನಮ್ಮ ಕ್ಲೈಂಟ್ ಅಧಿಕಾರಿ ವಾಟ್ಸಾಪಿನಲ್ಲಿ ರಾತ್ರಿ ಹತ್ತು ಗಂಟೆಗೆ "ಈ ಕಾಲಂ ಸೇರಿಸಿ" ಅಂತ ಹಾಕುತ್ತಾರೆ, ನಾವು ಹೆಬ್ಬೆರಳು ತೋರಿಸಿ ಮಾಡಿಬಿಡುತ್ತೇವೆ. ಅದು ಕಡತಕ್ಕೆ ಹೋಗುವುದಿಲ್ಲ ಅಲ್ವಾ?

ಜಲ್ಲಿ_ಸಿಮೆಂಟ್

ಅಲ್ಲೇ ಎಲ್ಲರೂ ಹೋಗೋದು. ಬಾಯಲ್ಲಿ ಹೇಳಿದ ಕೆಲಸಕ್ಕೆ ಬಿಲ್ ಆಗಲ್ಲ. ನಾನು ಆ ದಿನವೋ ಮರುದಿನವೋ ಒಂದು ಪತ್ರ ಹಾಕ್ತೀನಿ: "ತಾವು ಇಂಥ ದಿನ ಮೌಖಿಕವಾಗಿ ಸೂಚಿಸಿದಂತೆ ಈ ಕೆಳಕಂಡ ಹೆಚ್ಚುವರಿ ಕೆಲಸವನ್ನು ಕೈಗೊಳ್ಳಲು ಲಿಖಿತ ಅನುಮೋದನೆ ಕೋರಿದೆ." ಅನುಮೋದನೆ ಬರೋವರೆಗೆ ಕೈ ಹಾಕಲ್ಲ. ಕೆಲವು ಅಧಿಕಾರಿಗಳಿಗೆ ಇಷ್ಟ ಆಗಲ್ಲ, ನಿಜ.

ಕುಡ್ಲ_ಕಡಲು

ಕೈ ಹಾಕದೆ ಕೂತರೆ ಸಂಬಂಧ ಕೆಡುತ್ತದೆ. ಕಾಲಂ ಸೇರಿಸುವುದು ಅರ್ಧ ಗಂಟೆ ಕೆಲಸ. ಅದಕ್ಕೂ ಅನುಮೋದನೆ ಕೇಳಿದರೆ ಅವರು ಮುಂದೆ ಫೋನ್ ಎತ್ತಲಿಕ್ಕಿಲ್ಲ.

ಬಗ್_ಬೇಟೆ

ಸಣ್ಣದನ್ನು ಮಾಡಿಬಿಡಿ, ಆದರೆ ವಾರದ ಕೊನೆಗೆ ಎಲ್ಲಾ ಸೇರಿಸಿ ಒಂದು ಪಟ್ಟಿ ಮೇಲ್ ಮಾಡಿ. ಯಾರು ಯಾವ ದಿನ ಹೇಳಿದ್ದು ಅಂತ ಅದರಲ್ಲಿರಲಿ.

ಜಲ್ಲಿ_ಸಿಮೆಂಟ್

ಸಾಫ್ಟ್‌ವೇರ್‌ನಲ್ಲಿ ಆಗಬಹುದೇನೋ. ಸಿಮೆಂಟಿನಲ್ಲಿ ಆಗಲ್ಲ.

ಮಲೆನಾಡ_ಅಡಿಕೆ

ವಿಷಯ ಬಿಟ್ಟು ಒಂದು ಮಾತು. ನೀವು ಯಾವುದರಲ್ಲಿ ಟೈಪ್ ಮಾಡುತ್ತೀರಿ? ನಾವು ಒಂದು ಕಚೇರಿಗೆ ಯೂನಿಕೋಡ್‌ನಲ್ಲಿ ಕಳಿಸಿದ ಪತ್ರದ ಸಾಲುಗಳನ್ನು ಅವರು ತಮ್ಮ ಹಳೆಯ ನುಡಿ ಫಾಂಟಿನ ಕಡತಕ್ಕೆ ಅಂಟಿಸಿದಾಗ ಎಲ್ಲಾ ಕಲಸುಮೇಲೋಗರ ಆಯಿತು. ಅವರ ಹಳೆಯ ಪತ್ರ ನಮ್ಮಲ್ಲಿ ತೆರೆದರೂ ಅಷ್ಟೇ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ ಮಾತ್ರ.

ಟಪಾಲು_ಮೇಜು

ಹಳೆಯ ಕಡತ ಇರುವ ಕಡೆ ಇದು ಇನ್ನೂ ಇದೆ. ಸಹಿ ಹಾಕಿದ ಪಿಡಿಎಫ್ ಒಂದು, ಅದೇ ಪತ್ರದ ಯೂನಿಕೋಡ್ ಪಠ್ಯ ಒಂದು, ಎರಡೂ ಕಳಿಸಿ. ಯೂನಿಕೋಡ್‌ನಿಂದ ನುಡಿಗೆ ಬದಲಿಸುವ ಪರಿವರ್ತಕ ಇದೆ, ಒತ್ತಕ್ಷರ ಮಾತ್ರ ಒಮ್ಮೆ ಓದಿ ನೋಡಿಕೊಳ್ಳಬೇಕು.

ಪದಪ್ರಿಯ

ನಾನು ಮೊದಲು ಹೇಳಿದ ಒಕ್ಕಣೆ ಸನ್ಮಾನ ಪತ್ರಕ್ಕೆ ಹೊಂದುವಂಥದ್ದು ಎಂದು ಈಗ ಅನಿಸುತ್ತಿದೆ. ಆದರೂ "ಮಾನ್ಯರೇ" ಬಿಡಬೇಡಿ, ಕೆಂಪು ಪೆನ್ನು ಅವರು ಏನೇ ಹೇಳಲಿ.

ಕೆಂಪು_ಪೆನ್ನು

ಮಾನ್ಯರೇ ಇರಲಿ. ನನ್ನ ಜಗಳ "ವಿಧೇಯ" ಮತ್ತು "ಸ್ವೀಕೃತ"ದ ಜೊತೆ.

ಸಾವಿರಮೆಟ್ಟಿಲು

ಎಲ್ಲರಿಗೂ ವಂದನೆ. ಎರಡು ಪತ್ರ ಮಾಡಿ ಇವತ್ತು ಬೆಳಿಗ್ಗೆ ಕೊಟ್ಟು ಬಂದೆ, ಎರಡರ ಮೇಲೂ ಮೊಹರು ಸಿಕ್ಕಿತು. ಪಟ್ಟಿ ಕೇಳಿದ ಪತ್ರವನ್ನು ಕೇಸ್ ವರ್ಕರ್ ನಿಂತಲ್ಲೇ ಓದಿ, ಅನುಬಂಧದಲ್ಲಿದ್ದ ಮೂರು ತಾಲ್ಲೂಕಿನ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. "ಇವತ್ತೇ ತಾಲ್ಲೂಕಿಗೆ ಪತ್ರ ಹಾಕ್ತೀನಿ" ಅಂದರು. ವಿಸ್ತರಣೆಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ, ಮೇಲೆ ಹೋಗಬೇಕು ಅಂದರು. ಅದು ಏನಾಗುತ್ತೋ ನೋಡಬೇಕು.

ಟಿಕೆಟ್‌ಗಳನ್ನು ಬೇರೆ ಮಾಡಿದ್ದೇವೆ. ಹುಡುಗರು ಎಂದಿನಂತೆ ಗ್ರೂಪಿನಲ್ಲಿ ಬರೆಯುತ್ತಾರೆ. ಪತ್ರ ನಾನು ಬರೆಯುತ್ತೇನೆ, ಆ ಟೆಸ್ಟಿಂಗ್ ಹುಡುಗನೇ ತಾರೀಖು ಮತ್ತು ಷರತ್ತು ಓದಿ ನೋಡುತ್ತಾನೆ.

ಒಂದು ಪ್ರಶ್ನೆ ಉಳಿದಿದೆ. ಸೋಮವಾರ ಅಲ್ಲಿ ಸಭೆ ಇದೆ. ಸಭೆಯಲ್ಲಿ ಒಪ್ಪಿಕೊಂಡದ್ದನ್ನು ನಾವು ಬರೆಯಬೇಕಾ, ಅವರು ಬರೆಯುತ್ತಾರಾ?

ಟಪಾಲು_ಮೇಜು

ಸಭಾ ನಡವಳಿ ಹೊರಡಿಸುವುದು ಅವರ ಕೆಲಸ. ಆದರೆ ಅದು ಬರಲು ದಿನ ಹಿಡಿಯುತ್ತದೆ. ಸಭೆ ಮುಗಿದ ಸಂಜೆಯೇ ಚರ್ಚೆಯಾದ ಅಂಶಗಳ ಕರಡನ್ನು ನೀವು ಕಳಿಸಿ, "ತಿದ್ದುಪಡಿ ಇದ್ದಲ್ಲಿ ತಿಳಿಸಲು ಕೋರಿದೆ" ಎಂದು ಕೊನೆಗೆ ಸೇರಿಸಿ. ಮಾತಾಡಿದವರ ಹೆಸರು ಬರೆಯಬೇಡಿ, ಹುದ್ದೆ ಬರೆಯಿರಿ. ಅವರು ನಡವಳಿ ಮಾಡುವಾಗ ನಿಮ್ಮ ಕರಡನ್ನೇ ಮುಂದಿಟ್ಟುಕೊಳ್ಳುವ ಸಾಧ್ಯತೆ ಜಾಸ್ತಿ.

ಜಲ್ಲಿ_ಸಿಮೆಂಟ್

ಹಾಜರಿ ಹಾಳೆಯಲ್ಲಿ ಸಹಿ ಮಾಡಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ ಮೇಡಂ.